ಎರಡು ಆಯ್ಕೆ ಉಳಿದಾಗ ಖಾಲಿ ಜಾಗದ ಪಕ್ಕ ನೋಡಿ

ಪ್ರಶ್ನೆ: ಮೇಡಂ, ನಾನು ಕನ್ನಡ ಮಾಧ್ಯಮದಲ್ಲಿ ಓದಿದವನು. ಬ್ಯಾಂಕ್ ಕ್ಲರ್ಕ್ ಪರೀಕ್ಷೆಗೆ ಓದ್ತಾ ಇದ್ದೀನಿ. ಇಂಗ್ಲಿಷಿನ ಬಿಟ್ಟ ಸ್ಥಳದಲ್ಲಿ ಐದು ಆಯ್ಕೆಯಲ್ಲಿ ಮೂರನ್ನು ಸಲೀಸಾಗಿ ತೆಗೆದುಹಾಕ್ತೀನಿ. ಉಳಿದ ಎರಡರಲ್ಲಿ ಮಾತ್ರ ಯಾವಾಗಲೂ ತಪ್ಪಿದ್ದನ್ನೇ ಆರಿಸ್ತೀನಿ. ಆರ್ಟಿಕಲ್, ಪ್ರಿಪೊಸಿಷನ್ ಎರಡರಲ್ಲೂ ಇದೇ ಗೋಳು. ಇದಕ್ಕೆ ನಿಯಮ ಅಂತ ಏನಾದರೂ ಇದೆಯಾ, ಇಲ್ಲಾ ಬಾಯಿಪಾಠವೇ ಗತಿಯಾ?

ಉತ್ತರ: ನಿಯಮ ಇದೆ. ಆದರೆ ನೀವು ಹುಡುಕುವ ಜಾಗದಲ್ಲಿ ಅದು ಇಲ್ಲ. ವಾಕ್ಯವನ್ನು ಕನ್ನಡಕ್ಕೆ ತಿರುಗಿಸಿ, ಆ ಅರ್ಥಕ್ಕೆ ಹೊಂದುವ ಪದವನ್ನು ಹುಡುಕುತ್ತೀರಿ, ಅಲ್ವಾ? ಅಲ್ಲೇ ಎಡವುತ್ತಿರುವುದು. ಮೂರು ಆಯ್ಕೆ ತೆಗೆಯುವುದಕ್ಕೆ ಅರ್ಥ ಸಾಕು. ಕೊನೆಯ ಎರಡರಲ್ಲಿ ಒಂದನ್ನು ಆರಿಸಲು ಖಾಲಿ ಜಾಗದ ಹಿಂದೆ ಮುಂದೆ ಯಾವ ಪದ ಕೂತಿದೆ ಅಂತ ನೋಡಬೇಕು.

ಯಾಕೆ ಅಂದರೆ, ನಮ್ಮ 'ಇಂದ' ಪ್ರತ್ಯಯವನ್ನೇ ತಗೊಳ್ಳಿ. ಸೋಮವಾರದಿಂದ, ಎರಡು ವರ್ಷದಿಂದ, ಮೈಸೂರಿನಿಂದ, ಚಾಕುವಿನಿಂದ, ಪೊಲೀಸರಿಂದ. ಕನ್ನಡದಲ್ಲಿ ಐದಕ್ಕೂ ಒಂದೇ ಬಾಲ. ಇಂಗ್ಲಿಷಿನಲ್ಲಿ ಸಿನ್ಸ್, ಫಾರ್, ಫ್ರಮ್, ವಿತ್, ಬೈ ಎಂದು ಐದು ಬೇರೆ ಬೇರೆ ಪದ. ಕನ್ನಡದ ಅರ್ಥವನ್ನೇ ಹಿಡಿದು ಹೊರಟರೆ ಎರಡು ಆಯ್ಕೆ ಉಳಿಯದೆ ಇನ್ನೇನಾಗುತ್ತದೆ? ಪ್ರಶ್ನೆ ತೆಗೆಯುವವರು ನಿಲ್ಲುವುದೂ ಇಂಥ ಕವಲಿನಲ್ಲೇ.

ಮುಂದೆ ಹೋಗುವ ಮೊದಲು ಒಂದು ಮಾತು. ಇಂಗ್ಲಿಷ್ ವಾಕ್ಯಗಳನ್ನೂ ಕನ್ನಡ ಅಕ್ಷರದಲ್ಲೇ ಬರೆಯುತ್ತೇನೆ. ಒಂದು, ಒಬ್ಬ ಎನ್ನುವ ಆರ್ಟಿಕಲ್‌ಗಳು 'ಎ' ಮತ್ತು 'ಆ್ಯನ್'. 'ಮೇಲೆ' ಎನ್ನುವ ಪ್ರಿಪೊಸಿಷನ್ 'ಆನ್'. ಈ ಎರಡನ್ನು ಕಲಸಿಕೊಳ್ಳಬೇಡಿ.

ಮೊದಲು ಕಾಲದ 'ಇಂದ'. 'ಐ ಹ್ಯಾವ್ ಬೀನ್ ವರ್ಕಿಂಗ್ ಹಿಯರ್ ___ ಟೂ ಇಯರ್ಸ್.' ಉಳಿದ ಆಯ್ಕೆ ಸಿನ್ಸ್ ಮತ್ತು ಫಾರ್ ಅಂತಿಟ್ಟುಕೊಳ್ಳಿ. ಖಾಲಿ ಜಾಗದ ಮುಂದಿನ ಪದಗಳನ್ನು ಬೆರಳಿಟ್ಟು ನೋಡಿ. ಅದನ್ನು ಕ್ಯಾಲೆಂಡರಿನಲ್ಲೋ ಗಡಿಯಾರದಲ್ಲೋ 'ಇಲ್ಲಿ' ಎಂದು ತೋರಿಸಬಹುದಾ? 2019, ಸೋಮವಾರ, ಬೆಳಿಗ್ಗೆ ಹತ್ತು ಗಂಟೆ, ಬಾಲ್ಯ, ಅಪ್ಪ ತೀರಿಕೊಂಡ ದಿನ: ಇವನ್ನೆಲ್ಲ ತೋರಿಸಬಹುದು, ಹಾಗಾಗಿ ಸಿನ್ಸ್. ಎರಡು ವರ್ಷ, ಮೂರು ಗಂಟೆ, ತುಂಬಾ ದಿನ: ಇವನ್ನು ತೋರಿಸಲಾಗುವುದಿಲ್ಲ, ಅಳೆಯಬಹುದು ಅಷ್ಟೇ. ಹಾಗಾಗಿ ಫಾರ್. 'ಸಿನ್ಸ್ ಲಾಸ್ಟ್ ಟೂ ಇಯರ್ಸ್' ನಮ್ಮ ಆಫೀಸುಗಳಲ್ಲಿ ದಿನಾ ಕೇಳಿಬರುತ್ತದೆ. ಪರೀಕ್ಷೆಯಲ್ಲಿ ಅದು ತಪ್ಪು. 'ಫಾರ್ ದ ಲಾಸ್ಟ್ ಟೂ ಇಯರ್ಸ್' ಸರಿ. ನಾನೂ ಮೊದಲ ಕೆಲಸದ ಅರ್ಜಿಯಲ್ಲಿ ಸಿನ್ಸ್ ಅಂತಲೇ ಬರೆದಿದ್ದೆ. ಅದೂ ಇಂಗ್ಲಿಷ್ ಕಲಿಸುವ ಕೆಲಸಕ್ಕೆ!

ಉಳಿದ ಎರಡು ಸಿನ್ಸ್ ಮತ್ತು ಫ್ರಮ್ ಆಗಿದ್ದರೆ ಏನು ಮಾಡಬೇಕು? ಮುಂದಿನ ಪದ ಎರಡಕ್ಕೂ ಹೊಂದುತ್ತದೆ, ಏಕೆಂದರೆ ಎರಡೂ ಒಂದು ಬಿಂದುವಿನಿಂದ ಶುರುವಾಗುತ್ತವೆ. ಆಗ ಹಿಂದೆ ತಿರುಗಿ ಕ್ರಿಯಾಪದ ನೋಡಿ. 'ಹ್ಯಾವ್ ಬೀನ್', 'ಹ್ಯಾಸ್ ವರ್ಕ್ಡ್' ಥರದ್ದು ಕಂಡರೆ ಸಿನ್ಸ್. 'ಈಸ್', 'ವಿಲ್', 'ವರ್ಕ್ಸ್' ಕಂಡರೆ ಫ್ರಮ್. 'ದ ನ್ಯೂ ಟೈಮಿಂಗ್ಸ್ ವಿಲ್ ಅಪ್ಲೈ ___ ಮಂಡೇ' ಎಂಬಲ್ಲಿ ಸೋಮವಾರ ಇನ್ನೂ ಬಂದೇ ಇಲ್ಲ. ಸಿನ್ಸ್ ಯಾವಾಗಲೂ ಹಿಂದಿನ ಬಿಂದುವಿನಿಂದ ಈಚೆಗೆ ಬರುವ ಪದ. ಹಾಗಾಗಿ ಇಲ್ಲಿ ಫ್ರಮ್.

ಇದೇ ರೀತಿ 'ಅಲ್ಲಿ' ಪ್ರತ್ಯಯಕ್ಕೂ ಇನ್, ಆನ್ ಎಂಬ ಕವಲಿದೆ. 'ಇನ್ ದ ಮಾರ್ನಿಂಗ್' ಎಂದು ಎಲ್ಲರಿಗೂ ಬಾಯಿಪಾಠ. ಅದೇ ಬಾಯಿಪಾಠ ಕೈ ಕೊಡುವುದು ಇಂಥ ವಾಕ್ಯದಲ್ಲಿ: 'ಇಟ್ ಹ್ಯಾಪನ್ಡ್ ___ ದ ಮಾರ್ನಿಂಗ್ ಆಫ್ 15 ಆಗಸ್ಟ್.' ನೀವು 'ದ ಮಾರ್ನಿಂಗ್' ನೋಡಿದ ಕೂಡಲೇ ಇನ್ ಹಾಕುತ್ತೀರಿ. ಇನ್ನೆರಡು ಪದ ಓದಿ. ಅದು ಸುಮ್ಮನೆ ಬೆಳಿಗ್ಗೆಯಲ್ಲ, ಒಂದು ನಿರ್ದಿಷ್ಟ ದಿನದ ಬೆಳಿಗ್ಗೆ. ದಿನ ಅಥವಾ ತಾರೀಖು ಬಂದು ಸೇರಿದರೆ ಅದರ ಮಾತೇ ನಡೆಯುತ್ತದೆ, ಆನ್ ಬರುತ್ತದೆ. 'ಆನ್ ಮಂಡೇ ಮಾರ್ನಿಂಗ್' ಕೂಡ ಇದೇ ಲೆಕ್ಕ. ಇನ್ನು ಲಾಸ್ಟ್, ನೆಕ್ಸ್ಟ್, ದಿಸ್, ಎವ್ರಿ ಈ ನಾಲ್ಕರಲ್ಲಿ ಒಂದು ದಿನದ ಹಿಂದೆ ಬಂದು ಕೂತರೆ ಅಲ್ಲಿ ಪ್ರಿಪೊಸಿಷನ್ನೇ ಬೇಡ. 'ಹೀ ಕೇಮ್ ಲಾಸ್ಟ್ ಮಂಡೇ' ಅಷ್ಟೇ. ಕೆಲವು ಪತ್ರಿಕೆಗಳಲ್ಲಿ ಕೊನೆಯ ಆಯ್ಕೆಯಾಗಿ 'ಯಾವುದೂ ಬೇಡ' ಅಂತಿರುತ್ತದಲ್ಲ, ಅದು ಇಂಥ ಕಡೆ ಕೆಲಸಕ್ಕೆ ಬರುತ್ತದೆ.

ಬೈ ಮತ್ತು ವಿತ್ ನಡುವೆ ತಡವರಿಸುವವರು ತುಂಬಾ ಜನ. ಮಾಡಿದವರಿಗೆ ಬೈ, ಉಪಕರಣಕ್ಕೆ ವಿತ್ ಎನ್ನುವುದು ನಿಮಗೂ ಗೊತ್ತಿರುತ್ತದೆ. ಸಿಕ್ಕು ಬೀಳುವುದು ಕಲ್ಲಿನ ಹತ್ತಿರ. 'ಹೀ ವಾಸ್ ಹಿಟ್ ___ ಎ ಸ್ಟೋನ್.' ಬೆಟ್ಟದಿಂದ ತಾನಾಗಿ ಉರುಳಿ ಬಂದ ಕಲ್ಲಾದರೆ ಬೈ. ಯಾರೋ ಕೈಯಲ್ಲಿ ಹಿಡಿದು ಹೊಡೆದಿದ್ದರೆ ವಿತ್. ಕಲ್ಲಿನ ಹಿಂದೆ ಒಂದು ಕೈ ಇದೆಯಾ ಅನ್ನುವುದೇ ಪ್ರಶ್ನೆ. ಒಳ್ಳೆಯ ಪ್ರಶ್ನೆಪತ್ರಿಕೆಯಲ್ಲಿ ಆ ಕೈಯ ಸುಳಿವು ವಾಕ್ಯದಲ್ಲೇ ಇರುತ್ತದೆ, 'ಬೈ ಹಿಸ್ ನೇಬರ್' ಅಂತಲೋ ಇನ್ನೇನೋ. ಸುಳಿವೇ ಇಲ್ಲದಿದ್ದರೆ ಕಲ್ಲೇ ಬಂದು ಬಡಿಯಿತು ಎಂದು ಓದಿಕೊಂಡು ಬೈ ಹಾಕಿ.

ವಾಹನದ ವಿಷಯಕ್ಕೆ ಬಂದರೆ ಆರ್ಟಿಕಲ್ಲೇ ಪ್ರಿಪೊಸಿಷನ್ನನ್ನು ನಿರ್ಧರಿಸುತ್ತದೆ. 'ಹೀ ಕೇಮ್ ಬೈ ಬಸ್.' ಇಲ್ಲಿ ಬಸ್ ಬೋಳು ಪದ, ಹಿಂದೆ ಏನೂ ಇಲ್ಲ. ಹಿಂದೆ ಎ, ದ, ಮೈ, ಹಿಸ್ ಏನೇ ಬಂದರೂ ಬೈ ಹೋಗಿ ಇನ್ ಅಥವಾ ಆನ್ ಬರುತ್ತದೆ: 'ಇನ್ ಹಿಸ್ ಕಾರ್', 'ಆನ್ ದ ಸಿಕ್ಸ್ ಓ ಕ್ಲಾಕ್ ಬಸ್'. ಒಳಗೆ ನಿಂತು ಓಡಾಡಬಹುದಾದ ಬಸ್ಸು, ರೈಲು, ವಿಮಾನಕ್ಕೆ ಹೆಚ್ಚಾಗಿ ಆನ್. ಕಾರು, ಟ್ಯಾಕ್ಸಿ, ಆಟೊಗೆ ಇನ್. ಬೈಕು, ಸೈಕಲ್ಲಿನ ಒಳಗೆ ಹೋಗುವ ಮಾತೇ ಇಲ್ಲ, ಮೇಲೆಯೇ ಕೂರುವುದು, ಆದ್ದರಿಂದ ಆನ್.

ಪ್ರಿಪೊಸಿಷನ್ ಬಗ್ಗೆ ಇನ್ನೊಂದೇ ನಿಯಮ ಹೇಳಿ ಮುಗಿಸುತ್ತೇನೆ, ಆದರೆ ಅದು ದೊಡ್ಡದು. ನನ್ನ ವಿದ್ಯಾರ್ಥಿನಿಯೊಬ್ಬಳು ತಪ್ಪಾದ ಪ್ರಶ್ನೆಗಳನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದಳು. ಒಂದು ಪುಟದಲ್ಲಿ 'ಡಿಸ್ಕಸ್ ಅಬೌಟ್ ತಪ್ಪು' ಎಂದು ಕೆಂಪಿನಲ್ಲಿತ್ತು. ನಾಲ್ಕು ಪುಟ ಬಿಟ್ಟು 'ಡಿಸ್ಕಷನ್ ಅಬೌಟ್ ಸರಿ' ಅಂತಿತ್ತು. ಪಕ್ಕದಲ್ಲಿ ಅವಳದೇ ಅಕ್ಷರದಲ್ಲಿ 'ಇದ್ಯಾವ ನ್ಯಾಯ?' ಎಂಬ ಪ್ರಶ್ನೆ. ನ್ಯಾಯ ಇದೆ. ಡಿಸ್ಕಸ್ ಕ್ರಿಯಾಪದ, ಅದು ಕರ್ಮವನ್ನು ನೇರವಾಗಿ ಹಿಡಿದುಕೊಳ್ಳುತ್ತದೆ. ಡಿಸ್ಕಷನ್ ನಾಮಪದ, ಅದಕ್ಕೆ ಕೈಯಿಲ್ಲ, ಹಿಡಿಯಲು ಪ್ರಿಪೊಸಿಷನ್ ಬೇಕು. 'ಎಂಫಸೈಸ್ ದ ಪಾಯಿಂಟ್' ಆದರೆ 'ಎಂಫಸಿಸ್ ಆನ್ ದ ಪಾಯಿಂಟ್'. 'ರಿಸೆಂಬಲ್ ಹರ್ ಮದರ್' ಆದರೆ 'ರಿಸೆಂಬ್ಲೆನ್ಸ್ ಟು ಹರ್ ಮದರ್'. ಕೆಲವೊಮ್ಮೆ ಎರಡೂ ರೂಪ ಒಂದೇ ಇರುತ್ತದೆ, ಅಲ್ಲಿ ಜಾಸ್ತಿ ಎಚ್ಚರ ಬೇಕು: 'ದೆ ಡಿಮ್ಯಾಂಡೆಡ್ ಹೈಯರ್ ವೇಜಸ್' ಎಂಬಲ್ಲಿ ಡಿಮ್ಯಾಂಡ್ ಕ್ರಿಯೆ, ಏನೂ ಬೇಡ. 'ದೇರ್ ಡಿಮ್ಯಾಂಡ್ ಫಾರ್ ಹೈಯರ್ ವೇಜಸ್' ಎಂಬಲ್ಲಿ ಅದೇ ಪದ ನಾಮ, ಫಾರ್ ಬೇಕು. ಗುರುತಿಸುವುದು ಹೇಗೆ? ಹಿಂದೆ ಎ, ದ, ದೇರ್, ಮೈ ಇದ್ದರೆ ನಾಮಪದ. ಆದರೆ ಈ ನಿಯಮ ಕ್ರಿಯಾಪದಗಳಿಗೆಲ್ಲ ನಡೆಯುವುದಿಲ್ಲ. 'ಡಿಪೆಂಡ್', 'ಲಿಸನ್', 'ವೇಟ್' ಥರದವು ಕ್ರಿಯೆಯಾಗಿದ್ದರೂ ಪ್ರಿಪೊಸಿಷನ್ ಕೇಳುತ್ತವೆ. ಅವನ್ನು ಮಾತ್ರ ಬಾಯಿಪಾಠ ಮಾಡಿ.

ಈಗ ಆರ್ಟಿಕಲ್. ಎ ಮತ್ತು ಆ್ಯನ್ ನಡುವಿನ ಆಯ್ಕೆಯಲ್ಲಿ ಕನ್ನಡದವರಿಗೇ ಅನುಕೂಲ. ಮುಂದಿನ ಪದವನ್ನು ಮನಸ್ಸಿನಲ್ಲೇ ಕನ್ನಡ ಅಕ್ಷರದಲ್ಲಿ ಬರೆಯಿರಿ. ಸ್ವರದಿಂದ ಶುರುವಾದರೆ ಆ್ಯನ್, ವ್ಯಂಜನದಿಂದಾದರೆ ಎ. ಇಂಗ್ಲಿಷಿನ ಸ್ಪೆಲ್ಲಿಂಗ್ ಮರೆತುಬಿಡಿ. ಯೂನಿವರ್ಸಿಟಿ, ಯೂರೋಪಿಯನ್: ಯಕಾರ, ಎ. ಆನೆಸ್ಟ್, ಅವರ್, ಆನರ್: ಸ್ವರ, ಆ್ಯನ್. ಎಮ್ಮೆಲ್ಲೆ, ಎಫ್ಐಆರ್: ಸ್ವರ, ಆ್ಯನ್. ನಮ್ಮ ಲಿಪಿ ಉಚ್ಚಾರಣೆಯನ್ನೇ ಬರೆಯುವ ಲಿಪಿ, ಈ ನಿಯಮವೂ ಉಚ್ಚಾರಣೆಯ ನಿಯಮವೇ.

ಎರಡು ಕಡೆ ಮಾತ್ರ ಕನ್ನಡ ಮೋಸ ಮಾಡುತ್ತದೆ. ಒಂದು ಎಂಬ ಇಂಗ್ಲಿಷ್ ಪದವನ್ನು ನಾವು 'ಒನ್' ಎಂದು ಬರೆಯುತ್ತೇವೆ, ಅದರ ಉಚ್ಚಾರಣೆ 'ವನ್'. ಹಾಗಾಗಿ 'ಎ ಒನ್ ರುಪೀ ನೋಟ್'. ಇನ್ನೊಂದು, ಕೆಲವರು 'ಹೆಚ್‌ಆರ್' ಎಂದು ಹಕಾರ ಹಾಕಿ ಬರೆಯುತ್ತಾರೆ. ಆ ಅಕ್ಷರದ ಹೆಸರನ್ನು ಪರೀಕ್ಷೆಯ ಇಂಗ್ಲಿಷಿನಲ್ಲಿ 'ಏಚ್' ಎಂದೇ ಹಿಡಿಯುತ್ತಾರೆ, ಆದ್ದರಿಂದ 'ಆ್ಯನ್ ಎಚ್‌ಆರ್ ಮ್ಯಾನೇಜರ್'. ನೋಡಬೇಕಾದ್ದು ಖಾಲಿ ಜಾಗಕ್ಕೆ ಅಂಟಿದ ಪದವನ್ನೇ, ಅದರಾಚೆಯ ನಾಮಪದವನ್ನಲ್ಲ: 'ಎ ಯೂಸ್‌ಫುಲ್ ಐಡಿಯಾ', 'ಆ್ಯನ್ ಓಲ್ಡ್ ಯೂನಿವರ್ಸಿಟಿ'. ಇಲ್ಲಿ ಧ್ವನಿಯ ಜೋರು ಎಷ್ಟು ಹಳೆಯದು ಅನ್ನುವುದಕ್ಕೆ ಒಂದು ತಮಾಷೆ: ಏಪ್ರನ್ ಎಂಬ ಪದ ಮೊದಲು 'ನೇಪ್ರನ್' ಆಗಿತ್ತು. 'ಎ ನೇಪ್ರನ್' ಎಂದದ್ದು 'ಆ್ಯನ್ ಏಪ್ರನ್' ಎಂದು ಕಿವಿಗೆ ಬಿದ್ದು, ನಕಾರ ಆರ್ಟಿಕಲ್ಲಿನ ಕಡೆಗೆ ಜಾರಿಹೋಯಿತು.

ಎ ಮತ್ತು ದ ನಡುವಿನದು ನಿಜವಾದ ಕುಸ್ತಿ. 'ಮೊದಲ ಸಲ ಎ, ಎರಡನೇ ಸಲ ದ' ಎಂದು ಶಾಲೆಯಲ್ಲಿ ಹೇಳಿಕೊಟ್ಟಿರುತ್ತಾರೆ. ಅದು ಅರ್ಧ ಸತ್ಯ. ಈ ಎರಡು ವಾಕ್ಯ ನೋಡಿ: 'ಐ ಗಾಟ್ ಇಂಟು ಎ ಟ್ಯಾಕ್ಸಿ. ___ ಡ್ರೈವರ್ ವಾಸ್ ಆನ್ ದ ಫೋನ್.' ಡ್ರೈವರ್ ಇಲ್ಲಿ ಮೊದಲ ಸಲವೇ ಬಂದಿದ್ದಾನೆ. ಆದರೂ ದ. ಟ್ಯಾಕ್ಸಿ ಅಂದ ಮೇಲೆ ಅದಕ್ಕೊಬ್ಬ ಡ್ರೈವರ್ ಇದ್ದೇ ಇರುತ್ತಾನೆ. ಕೇಳುವವರು 'ಯಾವ ಡ್ರೈವರ್?' ಎಂದು ಕೇಳಬೇಕಾಗಿಲ್ಲ. 'ಯಾವ ಟ್ಯಾಕ್ಸಿ?' ಎಂದು ಮಾತ್ರ ಕೇಳಬಹುದು.

ನಾನು ಹೇಳುವ ಪರೀಕ್ಷೆ ಇದೇ. ವಾಕ್ಯ ಕೇಳಿದವರ ಬಾಯಲ್ಲಿ 'ಯಾವುದು? ಯಾರು?' ಎಂಬ ಪ್ರಶ್ನೆ ಬರಬಹುದಾದರೆ ಎ. ಬರಲು ಜಾಗವೇ ಇಲ್ಲದಿದ್ದರೆ ದ. ಕನ್ನಡದ 'ಅನ್ನು' ಕೂಡ ಹೀಗೇ ಕೆಲಸ ಮಾಡುತ್ತದೆ, ನೀವು ಗಮನಿಸಿದ್ದೀರಾ? 'ಅಂಗಡಿಯಿಂದ ಪುಸ್ತಕ ತಂದೆ' ಅಂದರೆ ಯಾವುದೋ ಒಂದು. 'ಪುಸ್ತಕವನ್ನು ವಾಪಸ್ ಕೊಟ್ಟೆ' ಅಂದರೆ ನಿಮಗೂ ನನಗೂ ಗೊತ್ತಿರುವ ಅದೇ ಪುಸ್ತಕ. ಆರ್ಟಿಕಲ್ ಇಲ್ಲದ ಭಾಷೆ ನಮ್ಮದು ಅನ್ನುತ್ತಾರೆ, ಆದರೆ ಆ ವ್ಯತ್ಯಾಸ ನಮಗೆ ಗೊತ್ತಿಲ್ಲ ಅಂತಲ್ಲ. ಆದರೆ ಇದನ್ನು ವಸ್ತುಗಳಿಗೆ ಮಾತ್ರ, ಅದೂ ಒಂದು ಸುಳಿವಾಗಿ ಬಳಸಿ. ಜನರ ವಿಷಯದಲ್ಲಿ 'ಅನ್ನು' ಹೇಗಿದ್ದರೂ ಬರುತ್ತದೆ. 'ಬಾಗಿಲು ಹಾಕು' ಅನ್ನುವಾಗ ಗೊತ್ತಿರುವ ಬಾಗಿಲಿಗೂ 'ಅನ್ನು' ಬರುವುದಿಲ್ಲ.

ಇನ್ನೊಂದು ಹುಸಿ ನಿಯಮ ಕೋಚಿಂಗ್ ನೋಟ್ಸುಗಳಲ್ಲಿ ಓಡಾಡುತ್ತದೆ: 'ಮುಂದೆ ಆಫ್ ಇದ್ದರೆ ದ ಹಾಕಿ.' ಇದನ್ನು ನಂಬಿ ಕೆಟ್ಟವರು ಬಹಳ. 'ಶೀ ಈಸ್ ___ ಕ್ಯಾಪ್ಟನ್ ಆಫ್ ದ ಟೀಮ್.' 'ಶೀ ಈಸ್ ___ ಮೆಂಬರ್ ಆಫ್ ದ ಟೀಮ್.' ಎರಡರಲ್ಲೂ ಆಫ್ ಇದೆ. ಎಣಿಸಿ ನೋಡಿ. ತಂಡಕ್ಕೆ ಕ್ಯಾಪ್ಟನ್ ಒಬ್ಬಳೇ, ಯಾರು ಅಂತ ಕೇಳಲು ಬೇರೆಯವರಿಲ್ಲ, ದ. ಮೆಂಬರುಗಳು ಹಲವರು, ಅವರಲ್ಲಿ ಒಬ್ಬಳು, ಎ. ಎಣಿಕೆಯ ಪದಗಳಿಗೂ ಇದೇ ಲೆಕ್ಕ ನಡೆಯುತ್ತದೆ. ಪುಸ್ತಕದ ಎರಡನೇ ಅಧ್ಯಾಯ ಒಂದೇ, 'ದ ಸೆಕೆಂಡ್ ಚಾಪ್ಟರ್'. ಆದರೆ 'ಗಿವ್ ಮಿ ಎ ಸೆಕೆಂಡ್ ಚಾನ್ಸ್' ಅಂದರೆ ಇನ್ನೊಂದು ಅವಕಾಶ ಎಂದಷ್ಟೇ ಅರ್ಥ, ದ ಬೇಡ.

ಎಣಿಕೆಯ ನಿಯಮ ಸೋಲುವ ಜಾಗವೂ ಒಂದಿದೆ. 'ಹೀ ಈಸ್ ___ ಸನ್ ಆಫ್ ಎ ಫಾರ್ಮರ್.' ರೈತನಿಗೆ ಮೂವರು ಮಕ್ಕಳಿರಬಹುದು. ಆದರೂ ಇಂಗ್ಲಿಷಿನ ರೂಢಿಯಲ್ಲಿ ಇಲ್ಲಿ 'ದ ಸನ್' ಬರುತ್ತದೆ. ಮಗ, ಮಗಳು ಎನ್ನುವ ಸಂಬಂಧ ಹೇಳುವಾಗ ದ ಹಾಕಿ ಮುಂದೆ ಹೋಗಿ.

ಆರ್ಟಿಕಲ್ಲೇ ಬೇಡದ ಜಾಗಗಳಲ್ಲಿ ಎರಡು ಸಾಕು. ಸ್ಕೂಲ್, ಕಾಲೇಜ್, ಹಾಸ್ಪಿಟಲ್, ಪ್ರಿಸನ್, ಬೆಡ್ ಇವುಗಳಿಗೆ ಅವುಗಳ ಸ್ವಂತ ಕೆಲಸಕ್ಕಾಗಿ ಹೋದರೆ ಬೋಳಾಗಿ ಬರುತ್ತವೆ. ರೋಗಿ 'ಈಸ್ ಇನ್ ಹಾಸ್ಪಿಟಲ್'. ರೋಗಿಗೆ ಊಟ ತಂದುಕೊಟ್ಟ ಅಣ್ಣ 'ವೆಂಟ್ ಟು ದ ಹಾಸ್ಪಿಟಲ್'. ಅಮೆರಿಕದವರು ರೋಗಿಗೂ 'ಇನ್ ದ ಹಾಸ್ಪಿಟಲ್' ಅನ್ನುತ್ತಾರೆ, ನಮ್ಮ ಪರೀಕ್ಷೆಗಳು ಬ್ರಿಟಿಷ್ ರೂಢಿ ಹಿಡಿಯುತ್ತವೆ. ಬ್ಯಾಂಕು, ಆಫೀಸು ಈ ಗುಂಪಿಗೆ ಸೇರಿಲ್ಲ. ದಿನಾ ಕೆಲಸಕ್ಕೇ ಹೋದರೂ 'ದ ಆಫೀಸ್', 'ದ ಬ್ಯಾಂಕ್'. ಇನ್ನೊಂದು ಜಾಗ, ಅಡ್ವೈಸ್, ಇನ್‌ಫರ್ಮೇಷನ್, ಫರ್ನಿಚರ್, ಲಗೇಜ್. ನಾವು ಸಲಹೆಗಳು, ಮಾಹಿತಿಗಳು ಅನ್ನುತ್ತೇವೆ. ಇಂಗ್ಲಿಷಿನಲ್ಲಿ ಇವು ಎಣಿಸಲಾಗದ ವಸ್ತುಗಳು, ಹಾಗಾಗಿ 'ಆ್ಯನ್ ಅಡ್ವೈಸ್' ಎಂಬುದು ಸುಳ್ಳು ಆಯ್ಕೆ.

ಇಷ್ಟನ್ನು ಒಂದು ಪ್ಯಾರಾದಲ್ಲಿ ಓಡಿಸಿ ನೋಡೋಣ. ನಿಮ್ಮ ಪ್ರಿಲಿಮ್ಸ್‌ನಲ್ಲಿ ಇಂಗ್ಲಿಷಿಗೆ 20 ನಿಮಿಷ, 30 ಪ್ರಶ್ನೆ. ಒಂದಕ್ಕೆ 40 ಸೆಕೆಂಡ್. ತಪ್ಪಾದರೆ ಕಾಲು ಅಂಕ ಹೋಗುತ್ತದೆ. ನಿಜವಾಗಿ ಎರಡೇ ಉಳಿದಿದ್ದರೆ ಖಾಲಿ ಬಿಡಬೇಡಿ. ಕಣ್ಣು ಮುಚ್ಚಿ ಆರಿಸಿದರೂ ಇಂಥ ನಾಲ್ಕು ಪ್ರಶ್ನೆಯಲ್ಲಿ ಸರಾಸರಿ ಎರಡು ಸರಿಯಾಗಿ, ಅರ್ಧ ಅಂಕ ಕಳೆದು, ಒಂದೂವರೆ ಕೈಗೆ ಬರುತ್ತದೆ.

'ಮೈ ಅಂಕಲ್ ಈಸ್ __1__ ಎಮ್ಮೆಲ್ಲೆ. ಹೀ ಹ್ಯಾಸ್ ಲಿವ್ಡ್ ಇನ್ ಹುಬ್ಬಳ್ಳಿ __2__ 2015. __3__ ದ ಮಾರ್ನಿಂಗ್ ಆಫ್ ರಿಪಬ್ಲಿಕ್ ಡೇ, ಹೀ ವೆಂಟ್ __4__ ಹಿಸ್ ಓನ್ ಕಾರ್ ಟು __5__ ಸ್ಕೂಲ್ ವೇರ್ ಹೀ ಹ್ಯಾಡ್ ಸ್ಟಡೀಡ್. ಇನ್ ಹಿಸ್ ಸ್ಪೀಚ್ ಹೀ ಎಂಫಸೈಸ್ಡ್ __6__ ದ ನೀಡ್ __7__ ಎ ಲೈಬ್ರರಿ. __8__ ಹೆಡ್‌ಮಾಸ್ಟರ್ ಥ್ಯಾಂಕ್ಡ್ ಹಿಮ್.'

ಒಂದನೆಯದು ಕನ್ನಡದಲ್ಲಿ ಬರೆದ ಕೂಡಲೇ ಎ ಸ್ವರ, ಆ್ಯನ್. ಎರಡರಲ್ಲಿ ಫ್ರಮ್ ಮತ್ತು ಸಿನ್ಸ್ ಉಳಿಯುತ್ತವೆ. ಹಿಂದೆ 'ಹ್ಯಾಸ್ ಲಿವ್ಡ್' ಇದೆ, ಆದ್ದರಿಂದ ಸಿನ್ಸ್. ಮೂರನೆಯದರಲ್ಲಿ ಮಾರ್ನಿಂಗ್ ಕಂಡು ಇನ್ ಹಾಕಲು ಕೈ ಹೋಗುತ್ತದೆ, ತಡೆಯಿರಿ. ಗಣರಾಜ್ಯೋತ್ಸವ ಒಂದು ದಿನ, ಆನ್. ನಾಲ್ಕರಲ್ಲಿ ಕಾರಿನ ಹಿಂದೆ 'ಹಿಸ್ ಓನ್' ಕೂತಿರುವುದರಿಂದ ಬೈ ಹೋಯಿತು, ಇನ್.

ಐದನೆಯದರಲ್ಲಿ ನಿಮ್ಮಂಥವರು ಸೋಲುತ್ತಾರೆ. ಸ್ಕೂಲ್ ನೋಡಿ 'ಆರ್ಟಿಕಲ್ ಬೇಡ' ಎಂದು ಗುರುತು ಹಾಕುತ್ತಾರೆ. ಆದರೆ ಈ ಮಾಮ ಪಾಠ ಕಲಿಯಲು ಹೋಗಿಲ್ಲ. ಜೊತೆಗೆ ಮುಂದೆ 'ವೇರ್ ಹೀ ಹ್ಯಾಡ್ ಸ್ಟಡೀಡ್' ಎಂದು ಯಾವ ಶಾಲೆ ಅಂತಲೂ ಹೇಳಿಬಿಟ್ಟಿದೆ. ಕೇಳಲು ಪ್ರಶ್ನೆ ಉಳಿದಿಲ್ಲ, ದ. ಆರನೆಯದರಲ್ಲಿ ಆನ್ ಹಾಕಬೇಡಿ, ಎಂಫಸೈಸ್ಡ್ ಕ್ರಿಯಾಪದ, ಏನೂ ಬೇಡ. ಏಳರಲ್ಲಿ ನೀಡ್ ಪದದ ಹಿಂದೆ 'ದ' ಇದೆ, ಅಂದರೆ ನಾಮಪದ, ಫಾರ್ ಬೇಕು.

ಎಂಟನೆಯದು ಟ್ಯಾಕ್ಸಿ ಡ್ರೈವರಿನದೇ ಕಥೆ. ಹೆಡ್‌ಮಾಸ್ಟರ್ ಇಲ್ಲಿಯವರೆಗೆ ಎಲ್ಲೂ ಬಂದಿಲ್ಲ, ಆದರೆ ಶಾಲೆ ಬಂದಿದೆ, ಶಾಲೆಗೆ ಹೆಡ್‌ಮಾಸ್ಟರ್ ಒಬ್ಬರೇ. ದ. ಅದೇ ಜಾಗದಲ್ಲಿ ಟೀಚರ್ ಎಂದಿದ್ದರೆ ಎಣಿಸಿ ನೋಡಿ, ಉತ್ತರ ಬದಲಾಗುತ್ತದೆ.